ಐದು ಊರಿನ ಒಂದೇ ರುಚಿ

ನನ್ನ ಸಿಟ್ಟಿನ ಬಗ್ಗೆ ಚಿಕ್ಕೋಡಿಯಿಂದ ಅಥಣಿಯವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಖಾನಾವಳಿಯ ಹೆಸರಿನಲ್ಲಿ ಅಂಗಡಿ ನಡೆಸುವ ನಾಲ್ಕೂ ಮಾಲೀಕರು ನನ್ನ ಬೆನ್ನ ಹಿಂದೆ ನನ್ನನ್ನು ‘ಫೌಜದಾರ ಅಕ್ಕಾರು’ ಎಂದು ಕರೆಯುತ್ತಾರೆ. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತು. ಕರೆಯಲಿ ಬಿಡಿ. ಸಡಿಲ ಬಿಟ್ಟರೆ ಈ ನಾಲ್ವರೂ ನಾಲ್ಕು ದಿಕ್ಕಿಗೆ ಓಡುವ ಎತ್ತುಗಳು.

ಮೊದಲು ಚಿಕ್ಕೋಡಿಯಲ್ಲಿ ಇದ್ದದ್ದು ಒಂದೇ ಖಾನಾವಳಿ. ಅಡುಗೆ ಅತ್ತೆಯದು, ಗಲ್ಲಾ ನನ್ನದು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳುಪಲ್ಯ, ಬಟ್ಟಲಲ್ಲಿ ಶೇಂಗಾ ಚಟ್ನಿ, ಮೊಸರು. ಅತ್ತೆಯ ಎಣ್ಣೆಗಾಯಿ ತಿನ್ನಲು ನಿಪ್ಪಾಣಿ, ಕಾಗವಾಡದಿಂದ ಜನ ಬರುತ್ತಿದ್ದರು. ಬಂದವರಲ್ಲಿ ಕೆಲವರು ಕೈ ತೊಳೆದುಕೊಳ್ಳುತ್ತಲೇ, “ಅಕ್ಕಾರ್, ನಮ್ಮೂರಾಗೂ ಒಂದು ಹಾಕೂನು, ನಿಮ್ಮ ಬೋರ್ಡ್ ಕೊಡ್ರಿ” ಎಂದು ಗಂಟುಬಿದ್ದರು. ಹೀಗೆ ನಿಪ್ಪಾಣಿ, ರಾಯಬಾಗ, ಕಾಗವಾಡ, ಕಡೆಗೆ ಅಥಣಿ. ಅಂಗಡಿ, ಬಂಡವಾಳ, ಆಳುಗಳು ಅವರವು. ಹೆಸರು, ಮಸಾಲೆ, ಅಡುಗೆಯ ಪದ್ಧತಿ ನಮ್ಮವು. ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ, ಐದೂ ಕಡೆ ಒಂದೇ ಬಣ್ಣ.

ಬೋರ್ಡು ಒಂದೇ ಆಗುವುದು ಸುಲಭ. ಬಣ್ಣದ ಡಬ್ಬಿಯ ನಂಬರು ಕೊಟ್ಟರೆ ಪೇಂಟರ್ ಬಳಿದು ಹೋಗುತ್ತಾನೆ. ಅದರ ಕೆಳಗೆ ಕೂರುವ ಮನುಷ್ಯನಿಗೆ ಯಾವ ನಂಬರು ಕೊಡುವುದು? ನಿಪ್ಪಾಣಿಯವರು ಮರಾಠಿ ಮಾತಾಡುವವರು, ನಾಲಗೆ ಕೊಲ್ಹಾಪುರದ ಕಡೆ. ಎಣ್ಣೆಗಾಯಿಯ ಮೇಲೆ ಕೆಂಪಗೆ ಒಂದು ಬೆರಳು ಎಣ್ಣೆ ತೇಲದಿದ್ದರೆ ಅವರ ಲೆಕ್ಕದಲ್ಲಿ ಅದು ಅಡುಗೆಯೇ ಅಲ್ಲ. ಕಾಗವಾಡದವರು ಜೈನರು, ಸೂರ್ಯ ಮುಳುಗುವ ಮೊದಲೇ ಸಂಜೆಯ ಊಟ ಬಡಿಸಿ ಒಲೆ ಆರಿಸುತ್ತಿದ್ದರು. ಬೋರ್ಡಿನ ಮೇಲೆ ರಾತ್ರಿ ಊಟ ಎಂದು ಬರೆದದ್ದನ್ನು ಓದಿ ಬಂದ ಗಿರಾಕಿ ಬೀಗ ನೋಡಿ ನನಗೆ ಫೋನ್ ಮಾಡಿ ಬೈಯುತ್ತಿದ್ದ. ಅಥಣಿಯವರು ದ್ರಾಕ್ಷಿ ತೋಟದವರು, ಒಣದ್ರಾಕ್ಷಿ ಆರಿಸುವ ಹಾಗೆ ಗಿರಾಕಿಗಳನ್ನೂ ಆರಿಸುವವರು. ಚಪ್ಪಲಿ ಸರಿಯಾಗಿ ಬಿಡದವರಿಗೆ ಊಟ ಬಡಿಸುವಾಗ ಮುಖ ಗಂಟು. ಅಂಗಡಿ ಗಾಜಿನಂತೆ ಫಳಫಳ, ಮುಖ್ಯ ರಸ್ತೆಯಿಂದ ಒಳಗಿನ ಓಣಿಯಲ್ಲಿ, ಮಂದಿ ಅಷ್ಟಕ್ಕಷ್ಟೇ.

ರಾಯಬಾಗದವರು ಮಾತ್ರ ನನ್ನ ಸಿಟ್ಟಿಗೂ ಬಗ್ಗದ ಮನುಷ್ಯ. ಒಳ್ಳೆಯತನ ಅತಿಯಾಗಿತ್ತು. ರೊಟ್ಟಿ ಎರಡು ಎಂದು ನಿಯಮ, ಅವರು ಮೂರು ಬಡಿಸಿ ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. “ಹಸದ ಮನಷ್ಯಾನ ಹೊಳ್ಳಿ ಕಳಸಬಾರದ್ರಿ ಅಕ್ಕಾರ್, ಅದು ನಮ್ಮ ಮನಿಯಾಗಿಲ್ಲ” ಎನ್ನುವುದು ಅವರ ಒಂದೇ ಮಂತ್ರ. ಚಿಂಚಲಿಯ ಮಾಯಕ್ಕ ದೇವಿಯ ದರ್ಶನಕ್ಕೆ ಹೋಗಿಬರುವ ಜನ ಟೆಂಪೊ ತುಂಬಿಕೊಂಡು ಅವರ ಅಂಗಡಿ ಮುಂದೆಯೇ ಇಳಿಯುತ್ತಿದ್ದರು. ಒಮ್ಮೊಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಯಾರೂ ಉಪವಾಸ ಹೋದದ್ದಿಲ್ಲ. ಅದು ಹೇಗೆ ಎಂದು ನಾನು ಕೇಳಬೇಕಿತ್ತು, ಕೇಳುವ ವಿಷಯ ಎಂದು ಅನ್ನಿಸಲೇ ಇಲ್ಲ.

ಇಂಥವರ ನಡುವೆ ನಾನು ಒಂದೇ ಒಂದು ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಟ್ಟಿರಲಿಲ್ಲ. ಅದು ಎಣ್ಣೆಗಾಯಿ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಎಣ್ಣೆಗಾಯಿಗೆ ಶೇಂಗಾ ಪುಡಿ ಬೀಳುತ್ತದೆ. ನಮ್ಮದಕ್ಕೆ ಬೀಳುವುದಿಲ್ಲ. ಗುರೆಳ್ಳು, ಅಂದರೆ ಹುಚ್ಚೆಳ್ಳು, ಜೊತೆಗೆ ಎಳ್ಳು, ಒಣಕೊಬ್ಬರಿ, ಅಷ್ಟೇ. ಶೇಂಗಾ ಬಿದ್ದರೆ ರುಚಿ ಎಲ್ಲರ ಮನೆಯದಾಗುತ್ತದೆ, ಗುರೆಳ್ಳಿನ ಘಮ ಸತ್ತುಹೋಗುತ್ತದೆ. ಮಸಾಲೆಯನ್ನು ಚಿಕ್ಕೋಡಿಯಲ್ಲೇ ಹುರಿದು, ಪುಡಿ ಮಾಡಿ, ಪ್ಯಾಕೆಟ್ ಸೀಲ್ ಮಾಡಿ ಎಲ್ಲರಿಗೂ ಕಳಿಸುತ್ತಿದ್ದೆವು. ಒಂದು ಪಾತೇಲಿಗೆ ಒಂದು ಪ್ಯಾಕೆಟ್. ಅಡುಗೆಮನೆಯ ಗೋಡೆಗೆ ನಿಯಮಗಳ ಹಾಳೆ, ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಎಣ್ಣೆಗಾಯಿಗೆ ಶೇಂಗಾ ಇಲ್ಲ’. ಹೊಸ ಮಾಲೀಕರೂ ಅವರ ಅಡುಗೆಯವರೂ ಚಿಕ್ಕೋಡಿಗೆ ಬಂದು ಅತ್ತೆಯ ಪಕ್ಕ ನಿಂತು ಕೆಲವು ದಿನ ಕಲಿತು ಹೋಗಬೇಕು. ಆಮೇಲೆ ನಾನು ಹೇಳದೆ ಕೇಳದೆ ಅಂಗಡಿಗೆ ಹೋಗಿ, ಗಿರಾಕಿಗಳ ಜೊತೆ ಕುಳಿತು, ತುತ್ತು ಬಾಯಿಗಿಟ್ಟು ನೋಡುತ್ತಿದ್ದೆ. ನಾನು ಒಂದು ಊರಿಗೆ ಕಾಲಿಟ್ಟ ಕೂಡಲೇ ಉಳಿದ ಮೂವರಿಗೆ ಸುದ್ದಿ ಮುಟ್ಟುತ್ತಿತ್ತು ಎಂಬುದು ಬೇರೆ ಮಾತು.

ಅಥಣಿ ಅಂಗಡಿ ಶುರುವಾದ ಹೊಸತರಲ್ಲಿ ಅಲ್ಲಿಯ ಮಾಲೀಕರು ಫೋನ್ ಮಾಡಿದರು. ಒಬ್ಬ ತಾಯಿ, ತಾಲೂಕು ಕಚೇರಿಯಲ್ಲಿ ಗುಮಾಸ್ತೆ, ಸಣ್ಣ ಮಗಳನ್ನು ಕರೆದುಕೊಂಡು ಊಟಕ್ಕೆ ಬಂದಿದ್ದಾರೆ. ಮಗಳಿಗೆ ಶೇಂಗಾ ಆಗಿಬರುವುದಿಲ್ಲವಂತೆ. ಒಂದು ಚೂರು ಹೊಟ್ಟೆಗೆ ಹೋದರೂ ಮೈಯೆಲ್ಲ ದದ್ದು, ತುಟಿ ಊದಿ, ಉಸಿರು ಕಟ್ಟುತ್ತದಂತೆ. ಡಾಕ್ಟರು ಎಂದೆಂದಿಗೂ ಕೊಡಬೇಡಿ ಎಂದಿದ್ದಾರಂತೆ. ನಮ್ಮ ಕಡೆ ಶೇಂಗಾ ಇಲ್ಲದ ಊಟ ಹುಡುಕುವುದೆಂದರೆ ಉಪ್ಪಿಲ್ಲದ ಸಮುದ್ರ ಹುಡುಕಿದಂತೆ, ಆ ತಾಯಿ ಎಲ್ಲಿಗೆ ಹೋದರೂ ಮಗಳ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದರಂತೆ.

“ಏನ್ ಹೇಳ್ಲಿರಿ?” ಎಂದು ಅಥಣಿಯವರು ಕೇಳಿದರು.

“ಚಟ್ನಿ ಬಟ್ಟಲಾ ಆ ಟೇಬಲ್ಲಿಗೆ ತರಬ್ಯಾಡ್ರಿ. ಎಣಗಾಯಿಗೆ ಐದೂ ಊರಾಗ ಶೇಂಗಾ ಇಲ್ಲ. ನಮ್ಮ ಹಸರ ಬೋರ್ಡ್ ಎಲ್ಲಿ ಕಂಡ್ರೂ ಕಣ್ಣ ಮುಚ್ಚಿ ಉಣಸ್ರಿ ಅಂತ ಹೇಳ್ರಿ” ಎಂದೆ. ಹೇಳುವಾಗ ಎದೆ ಉಬ್ಬಿತ್ತು. ರುಚಿಗಾಗಿ ಮಾಡಿದ ನಿಯಮ ಒಂದು ಮಗುವಿಗೆ ಹೊರಗೆ ಕುಳಿತು ಉಣ್ಣುವ ಭಾಗ್ಯ ಕೊಟ್ಟಿತಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಂದಿನಿಂದ ತಾಯಿ-ಮಗಳು ವಾರಕ್ಕೊಮ್ಮೆ ಅಥಣಿ ಅಂಗಡಿಗೆ ಬರತೊಡಗಿದರು. ಒಮ್ಮೆ ನಾನು ಹೋದಾಗ ಅವರು ಅಲ್ಲಿದ್ದರು. ಹುಡುಗಿ ಬದನೆಕಾಯಿಯ ತೊಟ್ಟು ಹಿಡಿದು ಚೀಪುತ್ತಿದ್ದಳು, ಗಲ್ಲಕ್ಕೆಲ್ಲ ಮಸಾಲೆ. ಹೆಚ್ಚೆಂದರೆ ಎರಡನೇ ಇಯತ್ತೆಯ ಹುಡುಗಿ. ತಾಯಿ ನಕ್ಕು, “ಇಕಿಗಿ ಹೊಟೆಲ್ ಅಂದ್ರ ನಿಮ್ಮದೊಂದ ಗೊತ್ತರಿ” ಎಂದರು.

ಈಗ ನಡೆದದ್ದಕ್ಕೆ ಬರುತ್ತೇನೆ. ಒಂದು ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಕುಳಿತಾಗ ರಾಯಬಾಗದವರ ಫೋನ್ ಬಂತು. “ಅಕ್ಕಾರ್, ಒಂದು ಹುಡಗಿ... ಉಸಿರಾಡವಲ್ದು... ದವಾಖಾನಿಗಿ ತಂದೇವ್ರಿ...” ಇಷ್ಟೇ. ಹಿಂದೆ ಯಾರೋ ಹೆಂಗಸು ಕೂಗುವುದು ಕೇಳಿಸಿತು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಯಾವ ಹುಡುಗಿ ಎಂದು ಕೇಳಲಿಲ್ಲ. ಕೇಳದೆಯೇ ಗೊತ್ತಾಗಿಬಿಟ್ಟಿತ್ತು.

ರಾಯಬಾಗದ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದರ ಹಿಂದೆ ಒಂದು, ದಾರಿ ಬಿಡವು. ನಾನು ಕಾರಿನಲ್ಲಿ ಕುಳಿತು ಡ್ರೈವರನಿಗೂ, ಟ್ರ್ಯಾಕ್ಟರಿನವರಿಗೂ, ದೇವರಿಗೂ ಒಂದೇ ಬಾಯಲ್ಲಿ ಬೈದೆ. ಖಾಸಗಿ ದವಾಖಾನೆಯ ಒಳಗೆ ಕಾಲಿಟ್ಟಾಗ ಹುಡುಗಿ ಮಂಚದ ಮೇಲೆ ಇದ್ದಳು. ಕಣ್ಣುಗಳು ಊದಿ ಎರಡು ಗೆರೆಗಳಾಗಿದ್ದವು. ತುಟಿ ಅವಳ ತುಟಿಯೇ ಆಗಿರಲಿಲ್ಲ. ಮೂಗಿಗೆ ಆಕ್ಸಿಜನ್ ನಳಿಗೆ. ಆದರೆ ಎದೆ ಏರಿಳಿಯುತ್ತಿತ್ತು. ನಾನು ಆ ಏರಿಳಿತವನ್ನೇ ನೋಡುತ್ತಾ ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಡಾಕ್ಟರು ಹೊರಗೆ ಕರೆದು ಹೇಳಿದರು. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ತಕ್ಷಣ ಕೊಟ್ಟದ್ದರಿಂದ ಉಳಿದಳು. ದವಾಖಾನೆ ಅಂಗಡಿಯ ಹತ್ತಿರವೇ ಇದ್ದದ್ದು ಪುಣ್ಯ. ಒಮ್ಮೆ ಇಳಿದದ್ದು ಮತ್ತೆ ಏರಬಹುದು, ಅದಕ್ಕೆ ರಾತ್ರಿಯಿಡೀ ಇಲ್ಲೇ ಇರಲಿ. ಅವರು ಇನ್ನೂ ಒಂದು ಮಾತು ಸೇರಿಸಿದರು: ಇಂಥ ಮಕ್ಕಳಿಗೆ ಶೇಂಗಾ ಚಟ್ನಿ ಮುಟ್ಟಿದ ಸೌಟು ಪಲ್ಯಕ್ಕೆ ಬಿದ್ದರೂ ಸಾಕು. ನಾನು ತಲೆ ಅಲ್ಲಾಡಿಸಿದೆ. ನಮ್ಮ ಐದೂ ಅಡುಗೆಮನೆಗಳ ಸೌಟುಗಳು ಕಣ್ಣ ಮುಂದೆ ಬಂದವು.

ತಾಯಿ ಮಗಳ ಕಾಲ ಬಳಿ ಕುಳಿತಿದ್ದರು. ಸಂಬಂಧಿಕರ ಲಗ್ನಕ್ಕೆ ರಾಯಬಾಗಕ್ಕೆ ಬಂದವರು. ಲಗ್ನದ ಊಟದಲ್ಲಿ ಶೇಂಗಾ ಹೋಳಿಗೆ ಇದೆ ಎಂದು ಹೆದರಿ, ಮಗಳನ್ನು ಎತ್ತಿಕೊಂಡು ನಮ್ಮ ಅಂಗಡಿ ಹುಡುಕಿಕೊಂಡು ಬಂದಿದ್ದಾರೆ. ಲಗ್ನಮಂಟಪದಿಂದ ಮಗುವನ್ನು ಕಾಪಾಡಿ ತಂದು ನಮ್ಮ ತಾಟಿನ ಮುಂದೆ ಕೂರಿಸಿದ್ದಾರೆ!

“ಹಸರ ಬೋರ್ಡ್ ನೋಡಿ ಒಳಗ ಬಂದೇವ್ರಿ” ಎಂದರು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. “ಚಟ್ನಿ ಬ್ಯಾಡ ಅಂತ ಹೇಳಿದ್ನಿ. ತರಲಿಲ್ಲ ಅವರು. ಎಣಗಾಯಿ ಎರಡ ತುತ್ತ ತಿಂದ್ಳು, ಅಷ್ಟರಾಗ ಗಂಟಲಾ ಹಿಡಕೊಂಡ್ಳು. ಅಥಣ್ಯಾಗ ಎಷ್ಟ ಸಲ ಉಂಡಾಳ್ರಿ, ಏನೂ ಆಗಿದ್ದಿಲ್ಲ. ಅವ್ರು ಬರೋಬ್ಬರಿ ಮಾಡ್ತಾರ. ಇವ್ರ ಯಾಕ ಹಿಂಗ?”

ಅದೇ ಪ್ರಶ್ನೆ ನನ್ನದೂ ಆಗಿತ್ತು. ದವಾಖಾನೆಯ ಮೆಟ್ಟಿಲ ಮೇಲೆ ರಾಯಬಾಗದವರು ತಲೆಗೆ ಕೈಹೊತ್ತು ಕುಳಿತಿದ್ದರು. ಅವರ ವಯಸ್ಸು, ಬಿಳಿ ಮೀಸೆ ಯಾವುದನ್ನೂ ನೋಡದೆ ನಾನು ಬಾಯಿಗೆ ಬಂದದ್ದು ಅಂದೆ. ಎಣ್ಣೆಗಾಯಿಗೆ ಶೇಂಗಾ ಹಾಕಿದಿರೋ ಇಲ್ಲವೋ ಎಂದು ಕೇಳಿದೆ. “ಹಾಕೀನ್ರಿ” ಎಂದರು. ಚಿಂಚಲಿಯಿಂದ ಎರಡು ಟೆಂಪೊ ಒಟ್ಟಿಗೆ ಬಂದು, ಪಾತೇಲಿಯಲ್ಲಿ ಎಣ್ಣೆಗಾಯಿಯ ರಸ ತಳ ಕಂಡಿದೆ. ಹೊಸ ಪ್ಯಾಕೆಟ್ ಒಡೆದು, ಉಳ್ಳಾಗಡ್ಡಿ ಹುರಿದು ಮತ್ತೊಂದು ಪಾತೇಲಿ ಏರಿಸಲು ಹೊತ್ತು ಹಿಡಿಯುತ್ತದೆ. ಚಟ್ನಿಗೆಂದು ಕುಟ್ಟಿಟ್ಟ ಶೇಂಗಾ ಪುಡಿ ಕೈಗೆ ಸಿಗುವಂತೆ ಇತ್ತು. ಎರಡು ಹಿಡಿ ಪುಡಿ, ಬಿಸಿನೀರು, ಉಪ್ಪು. ರಸ ಮತ್ತೆ ಗಟ್ಟಿಯಾಗಿ ಮೇಲಕ್ಕೆ ಬಂತು. ಟೆಂಪೊದವರೆಲ್ಲ ಉಂಡರು. ಅದೇ ರಸ ತಾಯಿ-ಮಗಳ ತಾಟಿಗೂ ಬಂತು.

“ಗೋಡಿ ಮ್ಯಾಲ ಬರದದ್ದು ಕಾಣ್ಲಿಲ್ಲೇನ್ರಿ? ಕಣ್ಣಾಗ ಏನ್ ಬಿದ್ದಿತ್ತು?” ಎಂದು ಕಿರುಚಿದೆ. ಅವರು ಏನೋ ಹೇಳಲು ಹೊರಟು, ನುಂಗಿಕೊಂಡದ್ದು ಮಾತ್ರ ಕಂಡಿತು. ನಾಳೆಯೇ ಬೋರ್ಡು ಇಳಿಸುತ್ತೇನೆ ಎಂದು ಹೇಳಿ ಒಳಗೆ ಹೋದೆ.

ಹುಡುಗಿ ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟು ಹಾಲು ಕೇಳಿದಳು. ಅವರನ್ನು ಅಥಣಿ ಗಾಡಿಗೆ ಹತ್ತಿಸಿದ ಮೇಲೆಯೇ ನಾನು ಪೇಂಟರನನ್ನು ಕರೆದುಕೊಂಡು ಅಂಗಡಿಗೆ ಹೋದದ್ದು. ಕರಾರಿನಲ್ಲಿ ಸ್ಪಷ್ಟವಾಗಿತ್ತು: ಪದ್ಧತಿ ಬದಲಿಸಿದರೆ ಹೆಸರು ವಾಪಸ್. ನನಗೆ ಒಂದು ಕ್ಷಣವೂ ಅನುಮಾನವಿರಲಿಲ್ಲ. ಏಣಿ ಹಚ್ಚಿದ್ದಾಯಿತು. ರಾಯಬಾಗದವರು ಎದುರಿಗೆ ಬಂದು ಕೈ ಮುಗಿದರು.

“ಇಳಸ್ರಿ ಅಕ್ಕಾರ್, ಬ್ಯಾಡನ್ನೂದಿಲ್ಲ. ಆ ಕೂಸಿನ ಮಾರಿ ನೋಡಿದ ಮ್ಯಾಲ ನನಗ ಈ ಅಂಗಡಿ ಬ್ಯಾಡ. ಆದ್ರ ನಾ ಪದ್ಧತಿ ಬಿಟ್ಟೇನಿ ಅನಬ್ಯಾಡ್ರಿ. ನಾ ಬಿಟ್ಟಿಲ್ಲ.”

“ಶೇಂಗಾ ಹಾಕೂದು ನಮ್ಮ ಪದ್ಧತಿ ಏನ್ರಿ?”

“ಚಿಕ್ಕೋಡ್ಯಾಗ ನಿಮ್ಮ ಅತ್ತಿಯವರ ಬಾಜೂ ನಿಂತ ಕಲತೇನ್ರಿ. ಮಂದಿ ಜಾಸ್ತಿ ಬಂದು ರಸ ಕಡಿಮಿ ಬಿದ್ರ ಅವರು ಹಿಂಗ ಮಾಡ್ತಿದ್ರು. ಒಂದ ಹಿಡಿ ಶೇಂಗಾ, ಬಿಸಿನೀರ. ನಾ ಕೇಳಿದ್ದಕ್ಕ, ಯಾರನ್ನೂ ಹಸದ ಕಳಸಬಾರದಪಾ ಅಂದ್ರು. ನಮ್ಮ ಮನಿ ಮಾತ ಅವರ ಬಾಯಾಗ ಬಂತಲ್ಲ ಅಂತ ನನಗ ಖುಷಿ ಆಗಿತ್ತು. ಗೋಡಿ ಮ್ಯಾಲಿಂದು ಅಡಗಿ ಶುರು ಮಾಡುವಾಗಿಂದು, ಇದು ಕಡಿಮಿ ಬಿದ್ದಾಗಿಂದು ಅಂತ ತಿಳಕೊಂಡಿದ್ನಿ. ನಿನ್ನೆ ದವಾಖಾನ್ಯಾಗ ಹೇಳಬೇಕಂದ್ನಿ. ಹಿರ್ಯಾರ ಹೆಸರ ಯಾಕ ತಗೀಲಿ ಅಂತ ಬಿಟ್ಟೆ.”

ಸುಳ್ಳು ಎಂದೆ. ಜೋರಾಗಿಯೇ ಎಂದೆ. ಪೇಂಟರ್ ಏಣಿಯ ಮೇಲೆ ಅರ್ಧದಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದ. ಸಿಕ್ಕಿಬಿದ್ದವರು ತಪ್ಪನ್ನು ಸತ್ತವರ ಮೇಲೆ ಹಾಕುತ್ತಾರೆ, ಇವರು ಬದುಕಿರುವ ಮುದುಕಿಯ ಮೇಲೆ ಹಾಕುತ್ತಿದ್ದಾರೆ ಎಂದುಕೊಂಡೆ. ಆದರೂ ಬೋರ್ಡು ಇಳಿಸು ಎಂಬ ಮಾತು ಬಾಯಿಂದ ಹೊರಡಲಿಲ್ಲ. ಅವನಿಗೆ ಕಾಯಲು ಹೇಳಿ ಚಿಕ್ಕೋಡಿಗೆ ಹೊರಟೆ.

ಅತ್ತೆ ಅಡುಗೆಮನೆಯಲ್ಲಿ ಬದನೆಕಾಯಿ ಸೀಳುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿದೆ, ಕೈ ಇನ್ನೂ ನಡುಗುವುದಿಲ್ಲ. ಹುಡುಗಿ ಹುಷಾರಾದಳು ಎಂದು ಮೊದಲು ಹೇಳಿದೆ. ಆಮೇಲೆ ಕೇಳಿದೆ. “ಅತ್ತಿ, ರಸ ಕಡಿಮಿ ಬಿದ್ರ ನೀವು ಏನ್ ಮಾಡ್ತೀರಿ?”

“ಏನ್ ಮಾಡ್ತಾರ? ಒಂದ ಹಿಡಿ ಶೇಂಗಾ ಪುಡಿ ಹಾಕಿ ಹೊಂದಸ್ತೇನಿ” ಎಂದರು, ಕತ್ತೆತ್ತದೆ.

“ಎಣಗಾಯಿಗಿ?”

“ಮತ್ತೇನ್ ಮಜ್ಜಿಗಿಗೇನ್ ಬೇ? ಸ್ವಲ್ಪ ಹಾಕಿದ್ರ ಗೊತ್ತಾಗೂದಿಲ್ಲ. ಗುರೆಳ್ಳಿನ ವಾಸನಿ ಅದನ್ನ ಮುಚ್ಚಿಬಿಡ್ತೈತಿ. ಇಷ್ಟ ವರ್ಷ ನೀನ ಉಂಡಿ, ನಿನಗೇನ್ ಗೊತ್ತಾತು?”

ನಾನು ಅಲ್ಲೇ ಕೆಳಗೆ ಕುಳಿತುಬಿಟ್ಟೆ. ನಾಲ್ಕು ಊರು ತಿರುಗಿ, ತುತ್ತು ತುತ್ತು ಬಾಯಿಗಿಟ್ಟು, ಎಣ್ಣೆ ಜಾಸ್ತಿ, ಉಪ್ಪು ಕಡಿಮೆ ಎಂದು ಮೀಸೆ ಹೊತ್ತ ಗಂಡಸರನ್ನು ನಡುಗಿಸಿದ ನಾಲಗೆ ಇದು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದನ್ನು ಸಾವಿರ ಸಲ ಬೇರೆಯವರಿಗೆ ಹೇಳಿದ್ದೆ. ಗೋಡೆಯ ಹಾಳೆ ನಾನು ಬರೆಸಿದ್ದು. ಅತ್ತೆಗೆ ಅದು ಗೋಡೆಯ ಅಲಂಕಾರ. ಅವರಿಗೆ ಯಾರೂ ಎಂದೂ ಅಡುಗೆ ಹೇಳಿಕೊಟ್ಟವರಿಲ್ಲ, ಹೇಳುವ ಧೈರ್ಯ ನನಗೂ ಇರಲಿಲ್ಲ. ಮಾಲೀಕರು ಕಲಿಯಲು ಬಂದಾಗ ಗೋಡೆ ಓದಲಿಲ್ಲ, ಕೈ ನೋಡಿದರು. ಅಡುಗೆ ಕಲಿಯುವುದೇ ಹಾಗೆ.

“ಶೇಂಗಾ ತಿಂದು ಯಾರರೆ ಸಾಯ್ತಾರೇನ್ ಬೇ?” ಎಂದರು ಅತ್ತೆ. ಆ ಹುಡುಗಿಯ ಮುಖ ಹೇಗಿತ್ತೆಂದು ಹೇಳಿದೆ. ಎರಡು ಗೆರೆಗಳಾದ ಕಣ್ಣು, ನಳಿಗೆ, ತಾಯಿ. ಅತ್ತೆಯ ಕೈಯಲ್ಲಿದ್ದ ಬದನೆಕಾಯಿ ಅರ್ಧ ಸೀಳಿ ನಿಂತಿತು. “ನಾ ಹೊಟ್ಟಿ ತುಂಬಸಾಕ ಹಾಕತಿದ್ನಿ” ಎಂದರು. ಎದ್ದು ಚಟ್ನಿಯ ಡಬ್ಬಿ ತೆಗೆದುಕೊಂಡು ಹೋಗಿ ಹಿತ್ತಿಲಿನ ಎಮ್ಮೆಯ ಮುಂದೆ ಸುರುವಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಮಾವ ತೀರಿಕೊಂಡಾಗ ಒಮ್ಮೆ, ಅವತ್ತೊಮ್ಮೆ.

ಮುಂದೆ ಮಾಡಿದ್ದನ್ನು ಈಗಲೇ ಹೇಳಿಬಿಡುತ್ತೇನೆ. ಐದೂ ಅಡುಗೆಮನೆಗಳಿಂದ ಶೇಂಗಾವನ್ನೇ ಹೊರಗೆ ಹಾಕಿದೆವು. ಚಟ್ನಿ ಈಗ ಅಗಸೆ ಬೀಜದ್ದು. ಎಣ್ಣೆ ಮೊದಲಿನಿಂದಲೂ ಸೂರ್ಯಕಾಂತಿಯದೇ. ಸೌಟು, ಪಾತೇಲಿ, ಕುಟ್ಟಾಣಿ ಎಲ್ಲ ಹೊಸವು. ರಸ ಕಡಿಮೆ ಬಿದ್ದರೆ ಏನು ಮಾಡಬೇಕು ಎಂದು ಯಾವ ಹಾಳೆಯಲ್ಲೂ ಇರಲಿಲ್ಲ. ಈಗ ಹುರಿದ ಉಳ್ಳಾಗಡ್ಡಿ-ಮಸಾಲೆಯ ಗಟ್ಟಿ ಮುದ್ದೆಯನ್ನು ಚಿಕ್ಕೋಡಿಯಿಂದಲೇ ಕಳಿಸುತ್ತೇವೆ, ಬಿಸಿನೀರು ಹಾಕಿ ಕುದಿಸಿದರೆ ಸಾಕು. ಅದೂ ಮುಗಿದರೆ ಗಿರಾಕಿಗೆ ಕೈ ಮುಗಿದು ಪಕ್ಕದ ಹೊಟೆಲ್ ತೋರಿಸಬೇಕು. ರಾಯಬಾಗದವರಿಗೆ ಈ ಕೊನೆಯ ಮಾತು ಇನ್ನೂ ಗಂಟಲಲ್ಲಿ ಇಳಿದಿಲ್ಲ, ಆದರೂ ಮಾಡುತ್ತಾರೆ. ಅವರ ಬೋರ್ಡು ಇಳಿಸಲಿಲ್ಲ. ಇಳಿಸುವುದಾದರೆ ಮೊದಲು ಚಿಕ್ಕೋಡಿಯದು ಇಳಿಯಬೇಕಿತ್ತು. ಇಷ್ಟೆಲ್ಲ ಆದರೂ ‘ಇಲ್ಲಿ ಶೇಂಗಾ ಸುಳಿಯುವುದೇ ಇಲ್ಲ, ನಂಬಿ ಬನ್ನಿ’ ಎಂದು ನಾನು ಯಾರಿಗೂ ಹೇಳುವುದಿಲ್ಲ. ‘ಆಗಿಬರದ ಪದಾರ್ಥ ಇದ್ದರೆ ಮೊದಲೇ ತಿಳಿಸಿ’ ಎಂದಷ್ಟೇ ಬಾಗಿಲಲ್ಲಿ ಬರೆಸಿದ್ದೇನೆ.

ಆ ಸಂಜೆ ಇದೆಲ್ಲ ಇನ್ನೂ ಮುಂದಿತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತೇ ನಿಪ್ಪಾಣಿಗೆ ಫೋನ್ ಹಚ್ಚಿದೆ. “ರಸ ಕಡಿಮಿ ಬಿದ್ರ ಏನ್ ಹಾಕ್ತೀರಿ?” ಎಂದು ಕೇಳಿದೆ. “ಶೇಂಗಾಚಾ ಕೂಟ್, ವೈನಿ. ಆಜೀನ ಶಿಕವ್ಲಂಯ್” ಎಂದರು. ಶೇಂಗಾ ಪುಡಿ, ಅಜ್ಜಿ ಕಲಿಸಿದ್ದು; ಅಜ್ಜಿ ಎಂದರೆ ನಮ್ಮ ಅತ್ತೆಯೇ. ಕಾಗವಾಡಕ್ಕೆ ಹಚ್ಚಿದೆ. “ಹೌದ್ರಿ, ಕಡಿಮಿ ಬಿದ್ದಾಗ ಅಷ್ಟ. ಎಲ್ಲಾರೂ ಹಂಗ ಮಾಡ್ತೇವಲ್ರಿ” ಎಂದರು, ಇದೇನು ಹೊಸದಾಗಿ ಕೇಳುತ್ತೀರಿ ಎನ್ನುವ ದನಿಯಲ್ಲಿ. ಎಣ್ಣೆಯಲ್ಲಿ, ರೊಟ್ಟಿಯ ಲೆಕ್ಕದಲ್ಲಿ, ಬಾಗಿಲು ಹಾಕುವ ಹೊತ್ತಿನಲ್ಲಿ ಒಬ್ಬರಂತೆ ಒಬ್ಬರಿಲ್ಲದ ಈ ಜನ ಒಂದೇ ಒಂದು ವಿಷಯದಲ್ಲಿ ತಪ್ಪದೆ ಒಂದೇ ಪದ್ಧತಿ ನಡೆಸಿದ್ದರು. ನಾನು ವರ್ಷಗಟ್ಟಲೆ ಬೊಬ್ಬೆ ಹೊಡೆದು ಕೇಳಿದ್ದು ಇದೇ ಒಗ್ಗಟ್ಟು.

ಇನ್ನು ಅಥಣಿ. ಅಲ್ಲಿ ಮಾತ್ರ ಹಾಳೆಯನ್ನು ಓದಿ ನಡೆದಿದ್ದಾರೆ, ಆ ಹುಡುಗಿ ಇಷ್ಟು ದಿನ ಉಂಡು ಚೆನ್ನಾಗಿದ್ದದ್ದೇ ಅದಕ್ಕೆ ಸಾಕ್ಷಿ ಎಂದು ಧೈರ್ಯದಿಂದ ಹಚ್ಚಿದೆ. “ನೀವೊಬ್ರರೆ ನನ್ನ ಮಾತ ಉಳಿಸಿದ್ರಿ ನೋಡ್ರಿ” ಎಂದು ಶುರು ಮಾಡಿ ವಿಷಯ ಹೇಳಿದೆ.

“ಹಂಗೇನಿಲ್ರಿ ಅಕ್ಕಾರ್” ಎಂದರು ಅಥಣಿಯವರು. “ನಮ್ಮಲ್ಲಿ ರಸ ಕಡಿಮಿ ಬಿದ್ದದ್ದ ಇಲ್ರಿ. ಮಂದಿ ಎಲ್ಲಿ ಬರ್ತಾರ ಅಷ್ಟ? ದಿನಾ ಉಳದದ್ದ ಚೆಲ್ಲೂದ ಆಗೈತಿ.”

“ಬಿದ್ದಿದ್ರ?”

“ಬಿದ್ದಿದ್ರ ಹಾಕತಿದ್ನಿ. ಅತ್ತಿಯವರು ತೋರಿಸಿದ್ದ ಹಂಗಲ್ರಿ? ಕುಟ್ಟಿದ ಪುಡಿ ಒಲಿ ಬಾಜೂಕ ಇಟ್ಟ ಇರ್ತೇನಿ. ಈಗ ಚಲೋ ಬರಾಕತ್ತಾರ್ರಿ ಮಂದಿ, ಹಾಸ್ಟೆಲ್ ಹುಡುಗೂರ್ ಶುರು ಆಗ್ಯಾರ. ಇವತ್ತ ಮಧ್ಯಾಹ್ನ ಇನ್ನೇನ್ ಕಡಿಮಿ ಬೀಳತಿತ್ತು, ಅಷ್ಟಕ್ಕ ಉಳೀತು.”

ಅವರಿಗೆ ಆ ಕ್ಷಣವೇ ಒಲೆ ಆರಿಸಲು ಹೇಳಿ ಫೋನಿಟ್ಟೆ. ಇನ್ನೊಬ್ಬರಿಗೆ ಹೇಳಲೇಬೇಕಿತ್ತು. ಆ ತಾಯಿಯ ನಂಬರು ದವಾಖಾನೆಯಲ್ಲಿ ಬರೆದುಕೊಂಡಿದ್ದೆ.

ಅವರು ಮೊದಲ ರಿಂಗಿಗೇ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ, “ಆರಾಮ ಅದಾಳ್ರಿ, ಕಾಳಜಿ ಮಾಡಬ್ಯಾಡ್ರಿ. ಊರಿಗಿ ಬಂದಾಕ್ಷಣ ಹಸವಿ ಅಂದ್ಳು. ಮನ್ಯಾಗ ಅಡಗಿ ಇರಲಿಲ್ಲ. ಬ್ಯಾರೆ ಹೊಟೆಲ್ ಯಾವುದೂ ಬ್ಯಾಡ ಅಂತ ಸೀದಾ ನಿಮ್ಮ ಅಥಣಿ ಅಂಗಡಿಗೆ ಕರಕೊಂಡ ಹೋದ್ನಿ. ಅವ್ರ ಮ್ಯಾಲ ನನಗ ಭರೋಸೆ ಐತ್ರಿ. ಎರಡ ರೊಟ್ಟಿ ಉಂಡ್ಳು” ಎಂದರು.

ಆ ಮಧ್ಯಾಹ್ನ. ಅಷ್ಟಕ್ಕೆ ಉಳಿದ ಆ ಪಾತೇಲಿಯ ರಸ.

“ಈಗ ಹೆಂಗದಾಳ್ರಿ? ಇದ ಕ್ಷಣ ಹೆಂಗದಾಳ?” ಎಂದು ಕೂಗಿದೆ.

“ಆಡಾಕತ್ತಾಳ್ರಿ, ಯಾಕ?”

ಹೇಳಿದೆ. ಒಂದೂ ಬಿಡದೆ ಹೇಳಿದೆ. ಅತ್ತೆಯ ಹಿಡಿ, ನಾಲ್ಕೂ ಊರು, ಅಥಣಿಯ ಒಲೆ ಪಕ್ಕದ ಡಬ್ಬಿ. ಇನ್ನು ಮುಂದೆ ಎಲ್ಲಿಯೂ ಕರೆದುಕೊಂಡು ಹೋಗಬೇಡಿ, ನಮ್ಮ ಬೋರ್ಡು ಇದ್ದರೂ ಹೋಗಬೇಡಿ ಎಂದೆ. ಆ ಕಡೆಯಿಂದ ಹುಡುಗಿ ಯಾರ ಜೊತೆಗೋ ಜಗಳವಾಡುವ ದನಿ ಮಾತ್ರ ಕೇಳುತ್ತಿತ್ತು.

“ಹಂಗಾರ ಇಷ್ಟ ದಿನ?” ಎಂದರು ತಾಯಿ. “ವಾರಾ ವಾರಾ ಉಂಡ್ಳಲ್ರಿ. ಇಷ್ಟ ದಿನ ನನ್ನ ಮಗಳು ಹೆಂಗ ಉಳದ್ಳು?”



“ಅಥಣ್ಯಾಗ ನಮಗ ಗಿರಾಕಿ ಕಡಿಮಿ ಇದ್ರುರಿ” ಎಂದೆ.